ಹೆಸರು ಒಂದು ಹಾಳೆಯಲ್ಲಿ, ಹೆಬ್ಬೆಟ್ಟು ಇನ್ನೊಂದು ಹಾಳೆಯಲ್ಲಿ

ಪ್ರಶ್ನೆ: ಮೇಡಂ, ನಾನು ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್. ಹಣ್ಣು ಕೊಯ್ಲಿನ ವಾರದ ಬಟವಾಡೆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುತ್ತೇನೆ. 64 ಜನ ಇದ್ದಾರೆ. ಎ4 ಹಾಳೆಗೆ ಅಡ್ಡಲಾಗಿ ಪ್ರಿಂಟ್ ಕೊಟ್ಟರೆ 8 ಹಾಳೆ ಬರುತ್ತದೆ. ಮೊದಲ ನಾಲ್ಕರಲ್ಲಿ ಹೆಸರು, ಕೆಜಿ, ಮೊತ್ತ ಎಲ್ಲ ಇರುತ್ತದೆ. ಸಹಿ ಕಾಲಂ ಮಾತ್ರ ಉಳಿದ ನಾಲ್ಕರಲ್ಲಿ, ಅದರ ಪಕ್ಕ ಬರೀ ಖಾಲಿ ಚೌಕಗಳು. ಯಾರ ಹೆಬ್ಬೆಟ್ಟು ಯಾರದೆಂದು ಗೊತ್ತಾಗುವುದಿಲ್ಲ ಎಂದು ಧಣಿಗಳು ಬೈಯುತ್ತಾರೆ. ಜೆರಾಕ್ಸ್ ಅಂಗಡಿಯವರು ಪ್ರಿಂಟರ್ ಸೆಟ್ಟಿಂಗ್ ಎಂದರು. ತಂಗಿ ಮಗ ಎಲ್ಲವನ್ನೂ ಒಂದೇ ಪುಟಕ್ಕೆ ಫಿಟ್ ಮಾಡಿಕೊಟ್ಟ, ಅಕ್ಷರ ಇರುವೆ ಸಾಲಿನಂತಾಯಿತು. ಖಾಲಿ ಕಾಲಂಗಳನ್ನು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ಚೌಕಗಳು ಹೋಗಲಿಲ್ಲ, ಬದಲಿಗೆ ಎಲ್ಲರ ಮೊತ್ತವೂ ಸೊನ್ನೆಯಾಯಿತು! ಹೆದರಿ ವಾಪಸ್ ಮಾಡಿಕೊಂಡೆ. ಫೈಲ್ ಕಳಿಸಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ಮೊತ್ತ ಸೊನ್ನೆಯಾಯಿತು ಎಂದು ಬರೆದಿರಲ್ಲ, ನಿಮ್ಮ ಫೈಲ್‌ನ ಗುಟ್ಟೆಲ್ಲ ಅದರಲ್ಲೇ ಇದೆ. ಅದನ್ನು ಹೇಳದೆ ಬರೀ ಹಾಳೆಯ ಕಥೆ ಹೇಳಿದ್ದರೆ ನಾನೂ "ಆ ಕಾಲಂಗಳನ್ನು ತೆಗೆದುಹಾಕಿ" ಎಂದು ಸಲಹೆ ಕೊಟ್ಟುಬಿಡುತ್ತಿದ್ದೆ. ಬಟವಾಡೆಯ ದಿನ ನಿಮ್ಮ ಗತಿ ಏನಾಗುತ್ತಿತ್ತೋ!

ಫೈಲ್ ತೆರೆದು ನೋಡಿದೆ. ನಿಮಗೆ ಬೇಕಾದದ್ದು A ಇಂದ O ವರೆಗಿನ ಹದಿನೈದು ಕಾಲಂ: ಕ್ರಮಸಂಖ್ಯೆ, ಹೆಸರು, ಸೋಮವಾರದಿಂದ ಭಾನುವಾರದವರೆಗೆ ಏಳು ದಿನದ ಕೆಜಿ, ಒಟ್ಟು, ದರ, ಮೊತ್ತ, ಮುಂಗಡ, ಕೈಗೆ ಕೊಡುವುದು, ಕೊನೆಗೆ ಸಹಿ. ಮೇಲೆ ಮೂರು ಸಾಲು ತಲೆಬರಹ, ಆಮೇಲೆ 64 ಹೆಸರು, 68ನೇ ಸಾಲಿನಲ್ಲಿ ಒಟ್ಟು ಮೊತ್ತ. ಇಷ್ಟಕ್ಕೆ ನಿಂತಿದ್ದರೆ ಸರಿಯಿತ್ತು. ಆದರೆ ಗೆರೆ ಹಾಕುವಾಗ ಯಾರೋ ಧಾರಾಳವಾಗಿ T ಕಾಲಂವರೆಗೂ ಎಳೆದು All Borders ಕೊಟ್ಟಿದ್ದಾರೆ. ಎಸ್ಟೇಟಿನ ಹೆಸರಿರುವ ಮೊದಲ ಸಾಲನ್ನೂ A ಇಂದ T ವರೆಗೆ ಒಂದೇ ಮನೆಯಾಗಿ, ಅಂದರೆ ಒಂದೇ ಸೆಲ್ ಆಗಿ ಕೂಡಿಸಿದ್ದಾರೆ. ಇನ್ನು R2 ಎಂಬ ಮನೆಯಲ್ಲಿ ಕೆಜಿಗೆ ಇಷ್ಟು ಎಂಬ ದರ ಕೂತಿದೆ. ದರದ K ಕಾಲಂನ ಅರವತ್ತನಾಲ್ಕು ಸಾಲಿನಲ್ಲೂ ಇರುವುದು ಒಂದೇ ಸೂತ್ರ:

```
=$R$2
```

ನೀವು P ಇಂದ T ವರೆಗೆ ಸೆಲೆಕ್ಟ್ ಮಾಡಿ ಡಿಲೀಟ್ ಕೀ ಒತ್ತಿದಾಗ ದರ ಅಳಿಸಿಹೋಯಿತು, ಗೆರೆಗಳು ಅಲ್ಲೇ ಉಳಿದವು. ಕೀಬೋರ್ಡಿನ ಡಿಲೀಟ್ ಕೀ ಮನೆಯೊಳಗೆ ಬರೆದದ್ದನ್ನು ಮಾತ್ರ ಅಳಿಸುತ್ತದೆ, ಮನೆಯ ಗೋಡೆಯನ್ನಾಗಲಿ ಬಣ್ಣವನ್ನಾಗಲಿ ಮುಟ್ಟುವುದಿಲ್ಲ. ದರವೇ ಇಲ್ಲವಾದ ಮೇಲೆ ಮೊತ್ತ ಸೊನ್ನೆಯಾಗದೆ ಇನ್ನೇನು. ಬೇಕಿಲ್ಲದ್ದು ಉಳಿಯಿತು, ಬೇಕಾದ್ದು ಹೋಯಿತು.

ಒಂದು ವೇಳೆ ಕಾಲಂನ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ Delete ಕೊಟ್ಟಿದ್ದರೆ ಗೆರೆಗಳೂ ಹೋಗುತ್ತಿದ್ದವು, ಆದರೆ ದರದ ಕಾಲಂನಲ್ಲಿ ಸೊನ್ನೆಯ ಬದಲು ಮೇಲಿಂದ ಕೆಳಗಿನವರೆಗೂ `#REF!` ಎಂದು ಬರುತ್ತಿತ್ತು. ಅದು ಇನ್ನೂ ಕೆಟ್ಟದ್ದು. ಸೊನ್ನೆಯಾದರೆ ದರವನ್ನು ಮತ್ತೆ ಬರೆದರೆ ಸರಿಹೋಗುತ್ತದೆ. `#REF!` ಬಂದ ಮೇಲೆ ಫೈಲ್ ಸೇವ್ ಮಾಡಿ ಮುಚ್ಚಿಬಿಟ್ಟರೆ ಸೂತ್ರವನ್ನೇ ಮೊದಲಿನಿಂದ ಬರೆಯಬೇಕು.

ಹಾಗಾಗಿ ನಿಮ್ಮ ಪಟ್ಟಿಗೆ ಅಳಿಸುವ ದಾರಿ ಬೇಡ. ಎಲ್ಲಿಂದ ಎಲ್ಲಿಯವರೆಗೆ ಮುದ್ರಿಸಬೇಕು ಎಂದು ಎಕ್ಸೆಲ್‌ಗೆ ಬೇಲಿ ಹಾಕಿ ತೋರಿಸುವ ದಾರಿ ಸಾಕು. ಅದಕ್ಕೆ ಮುಂಚೆ ಅಂಗಡಿಯವರ ಮಾತನ್ನು ಸ್ವಲ್ಪ ನೋಡೋಣ.

ಪ್ರಿಂಟರ್‌ದು ಇದರಲ್ಲಿ ತಪ್ಪಿಲ್ಲ. ಯಾವ ಹಾಳೆಯಲ್ಲಿ ಏನು ಬರಬೇಕು ಎಂದು ಎಕ್ಸೆಲ್ಲೇ ತೀರ್ಮಾನಿಸಿ ಕಳಿಸುತ್ತದೆ, ಪ್ರಿಂಟರ್ ಬಂದದ್ದನ್ನು ಒತ್ತಿಕೊಡುತ್ತದೆ. ನೀವು ಏನೂ ಹೇಳದಿದ್ದರೆ, ಏನಾದರೂ ಕಾಣುವಂಥದ್ದು ಇರುವ ಕೊನೆಯ ಸಾಲು, ಕೊನೆಯ ಕಾಲಂವರೆಗೆ ಇಡೀ ಚೌಕವನ್ನು ಮುದ್ರಿಸುವುದು ಅದರ ಪದ್ಧತಿ. ಗೆರೆಯೂ ಕಾಣುವಂಥದ್ದೇ, ಮನೆಗೆ ಬಳಿದ ಬಣ್ಣವೂ ಕಾಣುವಂಥದ್ದೇ. ಪಕ್ಕದಲ್ಲಿ ಮರೆತುಬಿಟ್ಟ ಒಂದು ಚಿತ್ರ, ಬಾಣದ ಗುರುತು, ಕೊನೆಯ ಕಾಲಂನಲ್ಲಿ ಉದ್ದಕ್ಕೆ ಬರೆದು ಪಕ್ಕದ ಮನೆಗೆ ಚಾಚಿಕೊಂಡ ಒಂದು ವಾಕ್ಯ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಕಾಣದ್ದೂ ಬರುವುದುಂಟು. ಸ್ಪೇಸ್ ಬಾರ್ ಒಂದು ಸಲ ಒತ್ತಿ ಎಂಟರ್ ಹೊಡೆದ ಮನೆ ನಮಗೆ ಖಾಲಿ, ಎಕ್ಸೆಲ್‌ಗೆ ಖಾಲಿಯಲ್ಲ. ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟು ಅಡಗಿಸಿದ ಒರಟು ಲೆಕ್ಕವೂ ಹಾಗೇ. ಹಾಳೆ ಮಾತ್ರ ಬಿಳಿಯಾಗಿ ಹೊರಗೆ ಬರುತ್ತದೆ.

ನಿಮ್ಮ ಫೈಲ್‌ನಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಎಡಗಡೆ ಮೇಲೆ, ಮನೆಯ ವಿಳಾಸ ತೋರಿಸುವ ಪುಟ್ಟ ಪೆಟ್ಟಿಗೆ ಇದೆಯಲ್ಲ, ಅಲ್ಲಿ `P2:T68` ಎಂದು ಬರೆದು ಎಂಟರ್ ಹೊಡೆಯಿರಿ. ಅಷ್ಟು ಜಾಗ ಸೆಲೆಕ್ಟ್ ಆಗುತ್ತದೆ. ಈಗ ಪರದೆಯ ಕೆಳ ಅಂಚು ನೋಡಿ: Count: 3 ಎಂದಿರುತ್ತದೆ. ನಿಮ್ಮ ಕಣ್ಣಿಗೆ ಕಾಣುವುದು ಎರಡೇ, Q2ರಲ್ಲಿ "ದರ" ಎಂಬ ಮಾತು, R2ರಲ್ಲಿ ಅಂಕಿ. ಮೂರನೆಯದು S14ರಲ್ಲಿರುವ ಒಂದು ಸ್ಪೇಸ್. ನಂಬಿಕೆ ಬರದಿದ್ದರೆ ಯಾವುದಾದರೂ ಖಾಲಿ ಮನೆಯಲ್ಲಿ ಹೀಗೆ ಬರೆಯಿರಿ:

```
=LEN(S14)
```

1 ಎಂದು ಬರುತ್ತದೆ. ನಿಜವಾಗಿ ಖಾಲಿಯಿದ್ದರೆ 0 ಬರಬೇಕಿತ್ತು. ನೋಡಿಯಾದ ಮೇಲೆ ಈ ಸೂತ್ರವನ್ನೂ ಅಳಿಸಿಬಿಡಿ, ಇಲ್ಲದಿದ್ದರೆ ಅದೇ ಇನ್ನೊಂದು ದಾರಿತಪ್ಪಿದ ಮನೆಯಾಗಿ ಕೂರುತ್ತದೆ.

ಇನ್ನೂ ಒಂದು ಅನುಮಾನ ನಿಮಗೆ ಇದ್ದೇ ಇರುತ್ತದೆ: ಸಹಿ ಕಾಲಂ ಬೇಕಿರುವ ಕಾಲಂ ತಾನೇ, ಅದು ಯಾಕೆ ಆಚೆ ಹೋಯಿತು? ಇದು ಗೆರೆಗಳ ತಪ್ಪಲ್ಲ. ಬರೀ ಅಗಲದ ಲೆಕ್ಕ. ಎ4 ಹಾಳೆಯ ಉದ್ದ 297 ಮಿ.ಮೀ., ಅಂದರೆ 11.69 ಇಂಚು. ಅಡ್ಡಲಾಗಿ ಇಟ್ಟಾಗ ಅದೇ ಅಗಲ. ಎಕ್ಸೆಲ್‌ನ Normal ಮಾರ್ಜಿನ್ ಎಡಕ್ಕೆ 0.7, ಬಲಕ್ಕೆ 0.7 ಇಂಚು ಬಿಡುತ್ತದೆ. ಉಳಿಯುವುದು 10.29 ಇಂಚು. ನಿಮ್ಮ A ಇಂದ O ವರೆಗಿನ ಅಗಲ ಕೂಡಿಸಿದರೆ ಹತ್ತಿರ ಹತ್ತಿರ 10.8 ಇಂಚು ಬರುತ್ತದೆ. ಅರ್ಧ ಇಂಚು ಹೆಚ್ಚು, ಅಷ್ಟೇ. ಆದರೆ ಎಕ್ಸೆಲ್ ಕಾಲಂ ಅನ್ನು ಮಧ್ಯಕ್ಕೆ ಕತ್ತರಿಸಿ ಅರ್ಧ ಇಲ್ಲಿ, ಅರ್ಧ ಅಲ್ಲಿ ಇಡುವುದಿಲ್ಲ. ಅರ್ಧ ಇಂಚು ಹಿಡಿಸದಿದ್ದರೂ ಇಡೀ ಕಾಲಂ ಮುಂದಿನ ಹಾಳೆಗೆ ಹೋಗುತ್ತದೆ. ಅಲ್ಲಿ P ಇಂದ T ವರೆಗಿನ ಖಾಲಿ ಚೌಕಗಳು ಅದಕ್ಕೆ ಜೊತೆಯಾಗುತ್ತವೆ.

ಅದು ಐದನೇ ಹಾಳೆಯಿಂದ ಶುರುವಾಗುವುದಕ್ಕೂ ಕಾರಣವಿದೆ. ಎಕ್ಸೆಲ್ ಮೊದಲು ಮೇಲಿನಿಂದ ಕೆಳಗೆ ಎಲ್ಲ ಪುಟ ಮುಗಿಸಿ ಆಮೇಲೆ ಬಲಕ್ಕೆ ಸರಿಯುತ್ತದೆ. ಹಾಗಾಗಿ 1ನೇ ಹಾಳೆಯ ಜೋಡಿ 2ನೆಯದಲ್ಲ, 5ನೆಯದು. 2ರ ಜೋಡಿ 6. ಈಗಾಗಲೇ ಹೆಬ್ಬೆಟ್ಟು ಹಾಕಿಸಿಕೊಂಡ ಹಳೆ ವಾರದ ಹಾಳೆಗಳಿದ್ದರೆ ಹೀಗೆ ಜೋಡಿಸಿ ಅಂಟಿಸಿಡಿ, ಹೊಂದುತ್ತವೆ.

ಹೀಗೆ ತೊಂದರೆ ಎರಡಾಯಿತು. ಒಂದು, ಬೇಕಿಲ್ಲದ ಐದು ಕಾಲಂ ಹಾಳೆಗೆ ಬರುತ್ತಿರುವುದು. ಇನ್ನೊಂದು, ಬೇಕಿರುವ ಹದಿನೈದು ಕಾಲಂ ಅರ್ಧ ಇಂಚಿನಿಂದ ಹಾಳೆ ಮೀರುತ್ತಿರುವುದು. ಇದೇ ಅನುಕ್ರಮದಲ್ಲಿ ಸರಿ ಮಾಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲೇ ಹೋಗಿ "ಫಿಟ್" ಒತ್ತುತ್ತಾರೆ. ನಿಮ್ಮ ತಂಗಿ ಮಗ ಕೊಟ್ಟದ್ದು Fit Sheet on One Page. 24 ಪಾಯಿಂಟ್ ಎತ್ತರದ 68 ಸಾಲನ್ನು ಒಂದೇ ಅಡ್ಡಹಾಳೆಗೆ ತುರುಕಬೇಕೆಂದರೆ ಎಲ್ಲವನ್ನೂ ಶೇಕಡ 29ಕ್ಕೆ ಕುಗ್ಗಿಸಬೇಕು. 11 ಪಾಯಿಂಟಿನ ಅಕ್ಷರ 3 ಪಾಯಿಂಟ್ ಚಿಲ್ಲರೆ ಆಗುತ್ತದೆ. ಇರುವೆ ಸಾಲು ಎಂದಿರಿ, ಸರಿಯಾಗೇ ಹೇಳಿದಿರಿ. ಅದನ್ನು ಬಿಟ್ಟು Fit All Columns on One Page ಕೊಟ್ಟಿದ್ದರೂ ಪೂರ್ತಿ ಸರಿಹೋಗುತ್ತಿರಲಿಲ್ಲ, ಯಾಕೆಂದರೆ ಅದು T ವರೆಗಿನ ಹದಿನಾಲ್ಕು ಚಿಲ್ಲರೆ ಇಂಚನ್ನು ಹಿಡಿಸಲು ಹೋಗಿ ಶೇಕಡ 72ರ ಆಸುಪಾಸಿಗೆ ಇಳಿಸುತ್ತಿತ್ತು. ಖಾಲಿ ಚೌಕಗಳಿಗೆ ಜಾಗ ಮಾಡಿಕೊಡಲು ಹೆಸರುಗಳು ಚಿಕ್ಕದಾಗುವುದು ಯಾವ ನ್ಯಾಯ? ಮೊದಲು ಆ ಐದು ಕಾಲಂಗಳನ್ನು ಬೇಲಿಯ ಆಚೆ ಬಿಟ್ಟು, ಉಳಿದದ್ದನ್ನು ಮಾತ್ರ ಕುಗ್ಗಿಸಿದರೆ ಶೇಕಡ 94 ಅಥವಾ 95 ಸಾಕು. ಅಕ್ಷರ ಕುಗ್ಗಿದ್ದು ಗೊತ್ತೂ ಆಗುವುದಿಲ್ಲ.

ಈಗ ಕೆಲಸಕ್ಕೆ ಬನ್ನಿ. ಫೈಲ್‌ನ ಒಂದು ಪ್ರತಿ ಬೇರೆ ಹೆಸರಲ್ಲಿ ಇಟ್ಟುಕೊಂಡು ಶುರು ಮಾಡಿ.

ಮೊದಲು ತಲೆಬರಹ. ಅದು T ವರೆಗೆ ಕೂಡಿಕೊಂಡಿರುವುದರಿಂದ O ವರೆಗೆ ಮಾತ್ರ ಮುದ್ರಿಸಿದರೆ ಎಸ್ಟೇಟಿನ ಹೆಸರು ನಡುವಿಗೆ ಬಾರದೆ ಬಲಕ್ಕೆ ಜರುಗಿದಂತೆ ಕಾಣುತ್ತದೆ. A1 ಮೇಲೆ ಕ್ಲಿಕ್ ಮಾಡಿ Merge & Center ಒತ್ತಿದರೆ ಕೂಡಿಕೆ ಬಿಡುತ್ತದೆ. ಆಮೇಲೆ A1 ಇಂದ O1 ವರೆಗೆ ಸೆಲೆಕ್ಟ್ ಮಾಡಿ, Ctrl+1 ಒತ್ತಿ, Alignment ನಲ್ಲಿ Horizontal ಎಂಬಲ್ಲಿ Center Across Selection ಆರಿಸಿ. ಕೂಡಿಸದೆಯೇ ಹೆಸರು ನಡುವೆ ಬರುತ್ತದೆ. ಕೂಡಿಸಿದ ಮನೆಗಳು ಕಾಲಂ ಸೆಲೆಕ್ಟ್ ಮಾಡುವಾಗ, ಸಾರ್ಟ್ ಮಾಡುವಾಗ ಕಾಡುವಷ್ಟು ಬೇರೇನೂ ಕಾಡುವುದಿಲ್ಲ. ನನ್ನ ಕ್ಲಾಸಿನಲ್ಲಿ ಅದಕ್ಕೆ ನಿಷೇಧವೇ ಇದೆ.

ಈಗ View ಟ್ಯಾಬ್‌ಗೆ ಹೋಗಿ Page Break Preview ಒತ್ತಿ. ಪರದೆ ಚಿಕ್ಕದಾಗಿ ಇಡೀ ಪಟ್ಟಿ ಒಮ್ಮೆಗೆ ಕಾಣುತ್ತದೆ. ಹಿನ್ನೆಲೆಯಲ್ಲಿ ಮಸುಕಾಗಿ Page 1, Page 2 ಎಂದು ದೊಡ್ಡ ಅಕ್ಷರ. ಸುತ್ತ ದಪ್ಪ ನೀಲಿ ಗೆರೆ. ಅದರ ಆಚೆಯದೆಲ್ಲ ಬೂದು, ಅಂದರೆ ಮುದ್ರಣವಾಗದ ಜಾಗ. N ಮತ್ತು O ನಡುವೆ ಮೇಲಿನಿಂದ ಕೆಳಗೆ ಒಂದು ತುಂಡುಗೆರೆ ಕಾಣುತ್ತದಲ್ಲ, ನಿಮ್ಮ ಸಹಿ ಕಾಲಂ ಮುರಿದುಕೊಳ್ಳುತ್ತಿರುವುದು ಅಲ್ಲೇ. 20, 40, 60ನೇ ಸಾಲಿನ ಆಸುಪಾಸಿನಲ್ಲಿ ಅಡ್ಡ ತುಂಡುಗೆರೆಗಳೂ ಇವೆ. ತುಂಡುಗೆರೆ ಎಂದರೆ ಎಕ್ಸೆಲ್ ತಾನಾಗಿ ಹಾಕಿದ್ದು. ನೀವು ಕೈಯಿಂದ ಹಾಕಿದ್ದು ಅಥವಾ ಸರಿಸಿದ್ದು ಪೂರ್ಣ ಗೆರೆಯಾಗುತ್ತದೆ. ಎಲ್ಲೋ ಓದಿ ತಿಳಿಯುವುದಕ್ಕಿಂತ ಈ ನೋಟದಲ್ಲಿ ಎರಡು ನಿಮಿಷ ಕಣ್ಣಾಡಿಸಿದರೆ ಎಂಟು ಹಾಳೆ ಎಲ್ಲಿಂದ ಬಂತೆಂದು ತಾನಾಗಿ ಅರ್ಥವಾಗುತ್ತದೆ.

ಬಲಗಡೆ ತುದಿಯಲ್ಲಿ, T ಕಾಲಂನ ಆಚೆ ಅಂಚಿನಲ್ಲಿರುವ ದಪ್ಪ ನೀಲಿ ಗೆರೆಯ ಮೇಲೆ ಮೌಸ್ ಇಡಿ. ಎರಡು ಬಾಣದ ಗುರುತು ಬಂದಾಗ ಒತ್ತಿ ಹಿಡಿದು ಎಡಕ್ಕೆ ಎಳೆದು O ಕಾಲಂನ ಅಂಚಿಗೆ ಬಿಡಿ. P ಇಂದ T ವರೆಗೆ ಬೂದುಬಣ್ಣವಾಗಿಬಿಡುತ್ತದೆ. ದರ ಅಲ್ಲೇ ಇರುತ್ತದೆ, ಲೆಕ್ಕವೂ ನಡೆಯುತ್ತದೆ, ಹಾಳೆಗೆ ಮಾತ್ರ ಬರುವುದಿಲ್ಲ. ಬೇಲಿ ಹಾಕುವುದು ಎಂದೆನಲ್ಲ, ಅದು ಇಷ್ಟೇ. ಎಳೆಯುವುದು ಕೈಗೆ ಒಗ್ಗದಿದ್ದರೆ `A1:O68` ಸೆಲೆಕ್ಟ್ ಮಾಡಿ Page Layout ಟ್ಯಾಬ್‌ನಲ್ಲಿ Print Area, ಅದರೊಳಗೆ Set Print Area ಕೊಡಿ, ಎರಡೂ ಒಂದೇ. ಗೆರೆ ಎಳೆಯಲು ಬರುತ್ತಲೇ ಇಲ್ಲ ಎಂದರೆ File, Options, Advanced ಒಳಗೆ Enable fill handle and cell drag-and-drop ಎಂಬುದರ ಗುರುತನ್ನು ಯಾರೋ ತೆಗೆದಿರುತ್ತಾರೆ, ಹಾಕಿ.

ಇನ್ನು ಅರ್ಧ ಇಂಚಿನ ವಿಚಾರ. ಇದಕ್ಕೆ ಎರಡು ಮೂರು ದಾರಿಗಳಿವೆ, ಒಂದೊಂದಕ್ಕೂ ಒಂದೊಂದು ತೊಡಕು.

ಅದೇ ನೋಟದಲ್ಲಿ N ಮತ್ತು O ನಡುವಿನ ತುಂಡುಗೆರೆಯನ್ನು ಹಿಡಿದು ಬಲಕ್ಕೆ ಎಳೆದು ನೀಲಿ ಅಂಚಿಗೆ ಸೇರಿಸಿದರೆ ಗೆರೆ ಮಾಯವಾಗುತ್ತದೆ, ಸಹಿ ಕಾಲಂ ಹೆಸರಿನ ಹಾಳೆಗೇ ಬರುತ್ತದೆ. ಎಳೆದಾಗ ಎಕ್ಸೆಲ್ ಸದ್ದಿಲ್ಲದೆ ಎಲ್ಲವನ್ನೂ ಕುಗ್ಗಿಸಿರುತ್ತದೆ. Page Layout ಟ್ಯಾಬ್‌ನ Scale ಪೆಟ್ಟಿಗೆಯಲ್ಲಿ ನೋಡಿ, 94% ಅಥವಾ ಅದರ ಹತ್ತಿರದ ಅಂಕಿ ಇರುತ್ತದೆ. 80ಕ್ಕಿಂತ ಕೆಳಗೆ ಏನಾದರೂ ಕಂಡರೆ ಬೇಲಿ ಸರಿಯಾಗಿ ಬಿದ್ದಿಲ್ಲ ಎಂದರ್ಥ, ಹಿಂದೆ ಹೋಗಿ ನೋಡಿ.

ನಾನಾದರೆ ಎಳೆಯುವುದಕ್ಕಿಂತ ಅದೇ ಟ್ಯಾಬ್‌ನಲ್ಲಿ Width ಎಂಬುದಕ್ಕೆ 1 page, Height ಎಂಬುದಕ್ಕೆ Automatic ಇಡುತ್ತೇನೆ. ಅಗಲಕ್ಕೆ ಒಂದು ಹಾಳೆ, ಉದ್ದಕ್ಕೆ ಎಷ್ಟಾದರೂ ಆಗಲಿ ಎಂದು ಅದರ ಅರ್ಥ. ಮುಂದಿನ ವಾರ ಉದ್ದ ಹೆಸರಿನವರೊಬ್ಬರು ಕೆಲಸಕ್ಕೆ ಬಂದು ನೀವು ಹೆಸರಿನ ಕಾಲಂ ಅಗಲ ಮಾಡಿದರೆ, ಶೇಕಡ 94 ಎಂದು ಕಟ್ಟಿಹಾಕಿದ ಪಟ್ಟಿ ಮತ್ತೆ ಮುರಿಯುತ್ತದೆ. ಇದು ತಾನೇ ಹೊಂದಿಕೊಳ್ಳುತ್ತದೆ. ತೊಡಕು ಯಾವಾಗ ಎಂದರೆ, ಒಬ್ಬೊಬ್ಬ ಮೇಸ್ತ್ರಿಯ ಗುಂಪಿಗೂ ಹೊಸ ಹಾಳೆ ಬೇಕೆಂದು ನೀವು ಕೈಯಾರೆ ಪುಟ ಮುರಿದಿದ್ದರೆ. ಫಿಟ್ ಹಾಕಿದಾಗ ಆ ಗೆರೆಗಳನ್ನು ಎಕ್ಸೆಲ್ ಪಾಲಿಸುತ್ತದೆಂದು ನಂಬಿ ಕೂರುವ ಹಾಗಿಲ್ಲ. ಅಂಥ ಪಟ್ಟಿಗೆ ಫಿಟ್ ತೆಗೆದು Scale ನಲ್ಲಿ 94 ಎಂದು ನೀವೇ ಬರೆಯುವುದು ವಾಸಿ.

ಮೂರನೆಯದು, ಕುಗ್ಗಿಸದೆ ಮಾರ್ಜಿನ್ ಕಡಿಮೆ ಮಾಡುವುದು. Narrow ಮಾರ್ಜಿನ್ ಎಡಬಲಕ್ಕೆ 0.25 ಇಂಚು ಮಾತ್ರ ಬಿಡುತ್ತದೆ, 11.19 ಇಂಚು ಸಿಗುತ್ತದೆ, ನಿಮ್ಮ 10.8 ಆರಾಮಾಗಿ ಕೂರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಬಟವಾಡೆ ಪಟ್ಟಿಯನ್ನು ನೀವು ಪಂಚ್ ಮಾಡಿ ಫೈಲಿಗೆ ಹಾಕುತ್ತೀರಲ್ಲ? ಪಂಚಿನ ತೂತಿನ ನಡುಬಿಂದು ಹಾಳೆಯ ಅಂಚಿನಿಂದ ಸುಮಾರು 12 ಮಿ.ಮೀ. ಒಳಗಿರುತ್ತದೆ. 0.25 ಇಂಚು ಅಂದರೆ 6 ಮಿ.ಮೀ. ಚಿಲ್ಲರೆ. ತೂತು ನೇರ ಕ್ರಮಸಂಖ್ಯೆಯ ಮೇಲೆ ಬೀಳುತ್ತದೆ. ಕೆಲವು ಹಳೆ ಪ್ರಿಂಟರ್‌ಗಳು ಅಂಚಿಗೆ ಅಷ್ಟು ಹತ್ತಿರ ಒತ್ತುವುದೂ ಇಲ್ಲ, ಬಲಗಡೆಯ ಗೆರೆ ನುಂಗಿಬಿಡುತ್ತವೆ. ಅದಕ್ಕೇ ನಿಮಗೆ ಶೇಕಡ ಐದಾರು ಕುಗ್ಗಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಲೀಗಲ್ ಹಾಳೆಯಾದರೆ 14 ಇಂಚು ಇದೆ, ಏನೂ ಮಾಡದೆ ಹಿಡಿಸುತ್ತದೆ. ಅಂಗಡಿಯಲ್ಲಿ ಆ ಹಾಳೆ ಇದ್ದು, ನಿಮ್ಮ ಫೈಲೂ ಆ ಅಳತೆಯದಾಗಿದ್ದರೆ ನೋಡಿ.

ಇನ್ನೊಂದು ಪುಟ್ಟ ಕೆಲಸ ಬಾಕಿ ಇದೆ. ನಿಮ್ಮ ಎರಡನೇ ಹಾಳೆಯಿಂದ ಮುಂದೆ ತಲೆಬರಹವೇ ಇಲ್ಲ, ಯಾವ ಕಾಲಂ ಮುಂಗಡ, ಯಾವುದು ಮೊತ್ತ ಎಂದು ಮೊದಲ ಹಾಳೆ ಪಕ್ಕಕ್ಕಿಟ್ಟು ನೋಡಬೇಕು. Page Layout ನಲ್ಲಿ Print Titles ಒತ್ತಿ, Rows to repeat at top ಎಂಬಲ್ಲಿ `$1:$3` ಎಂದು ಬರೆಯಿರಿ. ಮೂರು ಸಾಲು ಪ್ರತಿ ಹಾಳೆಯಲ್ಲೂ ಬರುತ್ತದೆ. ಹಾಳೆ ಹೆಚ್ಚಾಗುತ್ತದೆಂದು ಹೆದರಬೇಡಿ, ಲೆಕ್ಕ ಹಾಕಿದೆ: ಹಾಳೆಗೆ 18 ಜನ, ಮೂರು ಹಾಳೆಗೆ 54, ನಾಲ್ಕನೆಯದರಲ್ಲಿ ಉಳಿದ 10 ಜನ ಮತ್ತು ಒಟ್ಟು ಮೊತ್ತ. ನಾಲ್ಕೇ ಹಾಳೆ. ಸಾಲಿಗೆ 24 ಪಾಯಿಂಟ್ ಎತ್ತರ ಇಟ್ಟಿದ್ದೀರಿ, ಅದು ಎಂಟೂವರೆ ಮಿ.ಮೀ., ಕುಗ್ಗಿದ ಮೇಲೆ ಎಂಟು. ಸಹಿಗೆ ಸಾಕು, ಹೆಬ್ಬೆಟ್ಟಿಗೆ ಸ್ವಲ್ಪ ಬಿಗಿ. 30 ಮಾಡಿದರೆ ಹಾಳೆ ಒಂದು ಹೆಚ್ಚಾಗುತ್ತದೆ, ನಿಮ್ಮಿಷ್ಟ.

ಬೇಲಿ ಹಾಕಿದ್ದರ ಅಪಾಯವನ್ನು ಈಗ ಹೇಳಬೇಕು, ಇದು ಎಂಟು ಹಾಳೆಗಿಂತ ದೊಡ್ಡ ಅಪಾಯ. ಎಂಟು ಹಾಳೆ ಬಂದರೆ ಕಣ್ಣಿಗೆ ಕಾಣುತ್ತದೆ, ಬೈಗುಳ ಬೀಳುತ್ತದೆ, ಸರಿ ಮಾಡುತ್ತೀರಿ. ಬೇಲಿಯ ಆಚೆ ಉಳಿದ ಹೆಸರು ಕಾಣುವುದೇ ಇಲ್ಲ. ಹಾಸನದಲ್ಲಿ ನಾನು ಹಿಂದೆ ಲೆಕ್ಕ ಬರೆಯುತ್ತಿದ್ದ ಒಂದು ಕಡೆ ಸಂಬಳದ ಪಟ್ಟಿಗೆ ಹೀಗೇ ಬೇಲಿ ಹಾಕಿಟ್ಟಿದ್ದೆ. ಎರಡು ತಿಂಗಳಾದ ಮೇಲೆ ಮೂವರು ಹೊಸಬರು ಸೇರಿದರು. ಇನ್ನೊಬ್ಬರು ಅವರ ಹೆಸರನ್ನು ಒಟ್ಟು ಮೊತ್ತದ ಸಾಲಿನ ಕೆಳಗೆ ಬರೆದು ಪ್ರಿಂಟ್ ಕೊಟ್ಟರು. ಹಾಳೆ ನೀಟಾಗಿ ಬಂತು, ಒಂದು ಅಕ್ಷರ ಆಚೀಚೆ ಇಲ್ಲ. ಮೂವರ ಹೆಸರು ಮಾತ್ರ ಇಲ್ಲ. ಸಂಬಳದ ದಿನ ಅವರು ಬಂದು ಬಾಗಿಲಲ್ಲಿ ನಿಂತಾಗಲೇ ನಮಗೆ ಗೊತ್ತಾದದ್ದು. ಆಮೇಲೆ ಯಾವ ಪಟ್ಟಿಗೆ ಬೇಲಿ ಹಾಕಿದರೂ ಕೆಳಗಿನ ಬೂದು ಜಾಗವನ್ನು ಒಮ್ಮೆ ನೋಡದೆ ಪ್ರಿಂಟ್ ಕೊಡುವುದಿಲ್ಲ.

ಕೊಯ್ಲಿನ ಕಾಲದಲ್ಲಿ ನಿಮ್ಮಲ್ಲಿ ಜನ ವಾರವಾರ ಬದಲಾಗುತ್ತಾರೆ, ಹಾಗಾಗಿ ನಿಮಗೆ ಇದು ಖಂಡಿತ ಎದುರಾಗುತ್ತದೆ. ಹೊಸ ಹೆಸರು ಬಂದರೆ ಪಟ್ಟಿಯ ಕೆಳಗೆ ಬರೆಯಬೇಡಿ. ಕೊನೆಯ ಹೆಸರಿನ ಸಾಲಿನ ಮೇಲೆ, ಅಂದರೆ 67ನೇ ಸಾಲಿನ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ Insert ಕೊಟ್ಟು ಒಳಗೇ ಸಾಲು ಸೇರಿಸಿ. ಒಳಗೆ ಸೇರಿದ ಸಾಲನ್ನು ಬೇಲಿಯೂ ಒಳಗೆ ಹಾಕಿಕೊಳ್ಳುತ್ತದೆ, ಒಟ್ಟು ಮೊತ್ತದ ಸೂತ್ರವೂ ಹಾಕಿಕೊಳ್ಳುತ್ತದೆ. ಒಟ್ಟು ಮೊತ್ತದ ಸಾಲಿನ ಮೇಲೆಯೇ Insert ಕೊಟ್ಟರೆ ಬೇಲಿ ಹಿಗ್ಗುತ್ತದೆ ನಿಜ, ಆದರೆ ಕೂಡಿಕೆಯ ಸೂತ್ರ ಹೊಸಬರನ್ನು ಬಿಟ್ಟುಬಿಡಬಹುದು. ದರ, ಮೊತ್ತದ ಸೂತ್ರಗಳು ಹೊಸ ಸಾಲಿಗೆ ಬಂದಿವೆಯೇ ಎಂದೂ ನೋಡಿ, ಬಾರದಿದ್ದರೆ ಮೇಲಿನ ಸಾಲಿನಿಂದ ಎಳೆಯಿರಿ.

ಇಷ್ಟು ನೆನಪಿಟ್ಟುಕೊಳ್ಳುವುದು ಕಷ್ಟ ಎಂದರೆ ಬೇಲಿಯನ್ನು ಸಾಲಿಗೆ ಕಟ್ಟದೆ ಬರೀ ಕಾಲಂಗೆ ಕಟ್ಟಬಹುದು. Print Titles ಒತ್ತಿದಾಗ ತೆರೆಯುವ ಪೆಟ್ಟಿಗೆಯಲ್ಲೇ ಮೇಲೆ Print area ಎಂಬ ಜಾಗ ಇದೆ. ಅಲ್ಲಿರುವುದನ್ನು ಅಳಿಸಿ ಹೀಗೆ ಬರೆಯಿರಿ:

```
$A:$O
```

ಎಕ್ಸೆಲ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಇದ್ದರೂ ಅಷ್ಟನ್ನೂ ಒತ್ತುವುದಿಲ್ಲ, ಬರಹವೋ ಗೆರೆಯೋ ಇರುವ ಕೊನೆಯ ಸಾಲಿನವರೆಗೆ ಮಾತ್ರ ಒತ್ತುತ್ತದೆ. ಕೆಳಗೆ ಯಾರು ಎಷ್ಟು ಹೆಸರು ಸೇರಿಸಿದರೂ ಬರುತ್ತವೆ. ಇದರ ತೊಡಕು ತಿರುಗಾಮುರುಗಾ: ನಾಳೆ B120ರಲ್ಲಿ ನೀವು ಗೊಬ್ಬರದ ಲೆಕ್ಕ ಬರೆದಿಟ್ಟರೆ ಅದೂ ಹಾಳೆಗೆ ಬರುತ್ತದೆ. ಬಂದರೆ ಬರಲಿ, ಹೆಸರು ಬಿಟ್ಟುಹೋಗುವುದಕ್ಕಿಂತ ಅದು ಮೇಲು. ನಿಮ್ಮಂಥ ಪಟ್ಟಿಗೆ ನಾನು ಇದನ್ನೇ ಹೇಳುವುದು.

ಧಣಿಗಳಿಗೆ ದಿನದ ಕೆಜಿ ಬಿಟ್ಟು ಹೆಸರು, ಮೊತ್ತ ಮಾತ್ರ ಇರುವ ಪ್ರತಿ ಬೇಕಾದರೆ ಕಂಟ್ರೋಲ್ ಹಿಡಿದು ಅಲ್ಲೊಂದು ಇಲ್ಲೊಂದು ತುಂಡು ಸೆಲೆಕ್ಟ್ ಮಾಡಿ Set Print Area ಕೊಡಲು ಹೋಗಬೇಡಿ. ತುಂಡು ತುಂಡಾಗಿ ಕೊಟ್ಟ ಜಾಗವನ್ನು ಎಕ್ಸೆಲ್ ತುಂಡಿಗೊಂದು ಹಾಳೆಯಂತೆ ಒತ್ತುತ್ತದೆ, ಮತ್ತೆ ಹೆಸರೊಂದು ಕಡೆ, ಹಣವೊಂದು ಕಡೆ. C ಇಂದ I ವರೆಗೆ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್‌ನಲ್ಲಿ Hide ಕೊಡಿ. ಅಡಗಿಸಿದ ಕಾಲಂ ಮುದ್ರಣವಾಗುವುದಿಲ್ಲ, ಲೆಕ್ಕಕ್ಕೂ ಧಕ್ಕೆಯಿಲ್ಲ. ಆಮೇಲೆ Unhide ಮಾಡಲು ಮರೆಯಬೇಡಿ.

ಇನ್ನು ಜೆರಾಕ್ಸ್ ಅಂಗಡಿ. ಅವರ ಮಾತಿನಲ್ಲಿ ಒಂದು ಎಳೆ ನಿಜ ಇದೆ. ನಿಮ್ಮ ಕಂಪ್ಯೂಟರಿನಲ್ಲಿ ನಾಲ್ಕು ಹಾಳೆಗೆ ಕೂತ ಪಟ್ಟಿ ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಹೋದ ಮೇಲೆ ಬೇರೆ ಥರ ಮುರಿಯಬಹುದು. ಪುಟ ಎಲ್ಲಿ ಮುರಿಯಬೇಕು ಎಂಬ ಲೆಕ್ಕಕ್ಕೆ ಆ ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರ್, ಹಾಳೆಯ ಅಳತೆ, ಅಕ್ಷರದ ಫಾಂಟ್ ಎಲ್ಲ ಸೇರುತ್ತವೆ. ಅಲ್ಲಿ ಹಾಳೆ ಲೆಟರ್ ಅಳತೆಗೆ ಇದ್ದರೆ ಅಡ್ಡಲಾಗಿ 11 ಇಂಚು ಮಾತ್ರ, ಎ4ಗಿಂತ ಮುಕ್ಕಾಲು ಇಂಚು ಹತ್ತಿರ ಕಡಿಮೆ. ನಿಮ್ಮ ಪಟ್ಟಿ ನುಡಿ ಫಾಂಟಿನಲ್ಲಿದೆ. ಅಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದರೆ ಹೆಸರುಗಳ ಜಾಗದಲ್ಲಿ ಗೀಚಿದಂಥ ಇಂಗ್ಲಿಷ್ ಅಕ್ಷರ ಬರುತ್ತದೆ. ಇವೆಲ್ಲಕ್ಕೂ ಒಂದೇ ಮದ್ದು: ಎಕ್ಸೆಲ್ ಫೈಲ್ ತೆಗೆದುಕೊಂಡು ಹೋಗಲೇಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ File, Save As ನಲ್ಲಿ ಪಿಡಿಎಫ್ ಮಾಡಿ, ತೆರೆದು ನೋಡಿ, ಅದನ್ನು ಒಯ್ಯಿರಿ. ಪಿಡಿಎಫ್‌ನಲ್ಲಿ ಪುಟಗಳು ಅಲ್ಲಾಡುವುದಿಲ್ಲ, ಫಾಂಟೂ ಜೊತೆಗೇ ಬರುತ್ತದೆ.

ಪಿಡಿಎಫ್ ಮಾಡುವ ಮುಂಚೆ Ctrl+P ಒತ್ತಿ, ನೋಟದ ಕೆಳಗೆ 1 of 4 ಎಂದು ಇದೆಯೇ ನೋಡಿ. ಬೇಲಿ ಹಾಕಿದ ಮೇಲೂ 8 ಎಂದೇ ಇದ್ದರೆ, ಅಲ್ಲೇ Print Active Sheets ಎಂಬುದನ್ನು ಒತ್ತಿ ನೋಡಿ, Ignore Print Area ಎಂಬುದರ ಮುಂದೆ ಗುರುತು ಬಿದ್ದಿರುತ್ತದೆ, ತೆಗೆಯಿರಿ. 5 ಎಂದಿದ್ದರೆ ಸಾಲಿನ ಎತ್ತರ ಹೆಚ್ಚಾಗಿದೆ ಅಥವಾ ಕೆಳಗೆ ಎಲ್ಲೋ ಏನೋ ಬಿದ್ದಿದೆ. Page Break Preview ಗೆ ಹೋಗಿ ಕೊನೆಯ ಪುಟದಲ್ಲಿ ಏನಿದೆ ಎಂದು ಹುಡುಕಿ. ಕೆಲಸ ಮುಗಿಸಿ Normal ನೋಟಕ್ಕೆ ವಾಪಸ್ ಬಂದಾಗ ಪಟ್ಟಿಯ ಮೇಲೆ ಸಣ್ಣ ಗೆರೆಗಳು ಉಳಿದಿರುತ್ತವೆ. ಅವು ಪುಟದ ಗುರುತು, ಹಾಳೆಯಲ್ಲಿ ಬರುವುದಿಲ್ಲ.

ಕೊಯ್ಲು ಮುಗಿದು ಕೈ ಬಿಡುವಾದಾಗ ದರದ ಮನೆಯನ್ನು ಅಲ್ಲಿಂದ ಎತ್ತಿಬಿಡಿ. ಕೆಳಗೆ ಇನ್ನೊಂದು ಶೀಟ್ ಸೇರಿಸಿ, R2 ಅನ್ನು Ctrl+X ಒತ್ತಿ ಕತ್ತರಿಸಿ, ಅಲ್ಲಿ ಅಂಟಿಸಿ. ಕಾಪಿ ಮಾಡಬೇಡಿ, ಕಟ್ ಮಾಡಿ: ಕಟ್ ಮಾಡಿದರೆ K ಕಾಲಂನ ಅರವತ್ತನಾಲ್ಕು ಸೂತ್ರಗಳೂ ತಾವಾಗಿ ಹೊಸ ವಿಳಾಸಕ್ಕೆ ತಿರುಗಿಕೊಳ್ಳುತ್ತವೆ. ಮೊತ್ತ ಮೊದಲಿನಂತೆಯೇ ಇದೆ ಎಂದು ಖಾತ್ರಿಯಾದ ಮೇಲೆ P ಇಂದ T ವರೆಗಿನ ಕಾಲಂಗಳನ್ನು ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ Delete ಕೊಟ್ಟು ಸೇವ್ ಮಾಡಿ. S14ರ ಆ ಸ್ಪೇಸ್ ಕೂಡ ಅದರ ಜೊತೆಗೇ ಹೋಗುತ್ತದೆ.